ಪ್ರತಿ ಭಾನುವಾರ ಕೆಎಎಸ್ ಪ್ರಿಲಿಮ್ಸ್ ಮಾಕ್ ಬರೀತೀನಿ, ತಪ್ಪಿನ ಪುಸ್ತಕ ತುಂಬ್ತಿದೆ, ಅಂಕ ಏರ್ತಿಲ್ಲ. ಪುಸ್ತಕ ನೋಡೋಕೆ ಯಾವ ದಿನ ಇಟ್ಕೊಂಡಿದ್ದೀರಿ?

ಸಂಜೆಯ ಓದು (ಭಾನುವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ನಾನು ತುಮಕೂರು ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಶಿಕ್ಷಕಿ. ಓದೋಕೆ ಸಿಗೋದು ಸಂಜೆ ಆರೂವರೆ ಮೇಲೆ. ಭಾನುವಾರ ಬೆಳಗ್ಗೆ ಗ್ರಂಥಾಲಯದಲ್ಲಿ ಕೂತು ಎರಡು ಗಂಟೆ ಗಡಿಯಾರ ಇಟ್ಕೊಂಡು ಮೊದಲನೇ ಪತ್ರಿಕೆಯ ಮಾಕ್ ಬರೀತೀನಿ. ಒಎಂಆರ್ ಹಾಳೆಯ ಜೆರಾಕ್ಸ್ ಇಟ್ಕೊಂಡು ಗುಂಡಿಯನ್ನೂ ತುಂಬ್ತೀನಿ. ಸಂಜೆ ಕೀ ಉತ್ತರ ನೋಡಿ, ತಪ್ಪಾದ ಪ್ರಶ್ನೆಗಳನ್ನೆಲ್ಲ ನಾಲ್ಕೂ ಆಯ್ಕೆ ಸಮೇತ ಒಂದು ಲಾಂಗ್ ಬುಕ್ಕಿಗೆ ಇಳಿಸ್ತೀನಿ. ಸರಿ ಉತ್ತರವನ್ನು ಕೆಂಪು ಪೆನ್ನಲ್ಲಿ ಬರೀತೀನಿ. ತಿಂಗಳ ಕೊನೆಗೆ ಪುಸ್ತಕ ತೆಗೆದು ಮೊದಲಿಂದ ಓದ್ತೀನಿ.

ಇನ್ನೂರಕ್ಕೆ ಎಂಬತ್ತೈದರಿಂದ ತೊಂಬತ್ತೆರಡರ ಒಳಗೇ ಸುತ್ತುತ್ತಿದೆ ಅಂಕ. ಪುಸ್ತಕ ಓದುವಾಗ ಎಲ್ಲ ಗೊತ್ತಿದೆ ಅನ್ಸುತ್ತೆ, ಆದರೆ ಮುಂದಿನ ಪತ್ರಿಕೆಯಲ್ಲಿ ಅದೇ ವಿಷಯ ಬೇರೆ ರೂಪದಲ್ಲಿ ಬಂದರೆ ಮತ್ತೆ ತಪ್ಪು. ತಿಂಗಳ ಕೊನೆ ಬದಲು ವಾರಕ್ಕೊಂದು ದಿನ ಗೊತ್ತು ಮಾಡಬೇಕು ಅಂತಿದ್ದೀನಿ. ಯಾವ ದಿನ ಇಟ್ಟುಕೊಂಡರೆ ಒಳ್ಳೇದು? ಆ ದಿನ ನಿಜವಾಗಿ ಏನು ಮಾಡಬೇಕು?

ಬಯಲುಸೀಮೆ ಬಸು (ಭಾನುವಾರ ರಾತ್ರಿ)

ಅಕ್ಕಾರ, ದಿನ ಯಾವುದಾದ್ರೂ ಆಗಲಿ, ಭಾನುವಾರ ಸಂಜಿನೇ ಮುಗಿಸಿಬಿಡ್ರಿ. ಬಿಸಿ ಇದ್ದಾಗ ತಪ್ಪು ನೋಡಿದ್ರ ತಲಿಯಾಗ ಕೂರ್ತೈತಿ. ನಾ ಎಲ್ಲಾ ತಪ್ಪೂ ಬರಕೋತೀನಿ, ಒಂದೂ ಬಿಡಂಗಿಲ್ಲ. ಇನ್ನೊಂದ ಮಾತು, ನೆಗೆಟಿವ್ ಐತಿ, ಗೊತ್ತಿಲ್ಲದ್ದನ್ನ ಮುಟ್ಟಾಕ ಹೋಗಬ್ಯಾಡ್ರಿ. ಊಹೆ ಮಾಡಿದವರೆಲ್ಲ ಅಲ್ಲೇ ಮುಳುಗ್ತಾರ.

ವಿಜಯನಗರ ರೂಮು (ಭಾನುವಾರ ರಾತ್ರಿ)

ವಾರಕ್ಕೆ ಒಂದೇ ಪತ್ರಿಕೆ ಸಾಲಲ್ಲ ಮೇಡಂ. ನಮ್ಮ ರೂಮಲ್ಲಿ ವಾರಕ್ಕೆ ನಾಲ್ಕೈದು ಬರೀತಾರೆ. ಪರೀಕ್ಷೆ ದಿನ ಬೆಳಗ್ಗೆ ಎರಡು ಗಂಟೆ, ಮಧ್ಯಾಹ್ನ ಎರಡು ಗಂಟೆ ಕೂರಬೇಕು, ಅದಕ್ಕೆ ದೇಹ ಒಗ್ಗಬೇಕು. ಯಾವ ಟೆಸ್ಟ್ ಸರಣಿ ತಗೊಂಡಿದ್ದೀರಿ ಅನ್ನೋದೂ ಮುಖ್ಯ. ಯಾವುದು ಅಂತ ಹೇಳಿ, ಚೆನ್ನಾಗಿದೆಯಾ ಹೇಳ್ತೀನಿ.

ತುಂಗಾತೀರ (ಸೋಮವಾರ ಬೆಳಗ್ಗೆ)

ಸಂಜೆಯ ಓದು ಅವರೇ, ನಾನು ಈ ಪರೀಕ್ಷೆಯ ಮೂಲಕವೇ ಇಲಾಖೆಯೊಂದಕ್ಕೆ ಬಂದವನು. ಈಗ ಭಾನುವಾರಗಳಲ್ಲಿ ಓದುವ ಹುಡುಗರ ಒಂದು ಗುಂಪಿಗೆ ಮಾಕ್ ನಡೆಸುತ್ತೇನೆ. ನಿಮ್ಮ ತಪ್ಪಿನ ಪುಸ್ತಕದಲ್ಲಿ ಮೂರು ಬೇರೆ ಬೇರೆ ಜಾತಿಯ ತಪ್ಪುಗಳು ಒಂದೇ ಕಡೆ ಬಿದ್ದಿವೆ ಅಂತ ನನ್ನ ಊಹೆ. ಅದನ್ನು ಬಿಡಿಸದೆ ಯಾವ ದಿನ ನೋಡಿದರೂ ಅಷ್ಟೇ.

ಮುಂದಿನ ಭಾನುವಾರ ಒಂದು ಕೆಲಸ ಮಾಡಿ. ಉತ್ತರ ಗುರುತು ಹಾಕುವಾಗಲೇ ಪ್ರಶ್ನೆ ಪುಸ್ತಿಕೆಯ ಅಂಚಿನಲ್ಲಿ ಒಂದು ಅಕ್ಷರ ಬರೆಯಿರಿ. ಖಂಡಿತ ಗೊತ್ತಿದ್ದರೆ ‘ಖ’. ಎರಡು ಆಯ್ಕೆ ತೆಗೆದುಹಾಕಿ ಉಳಿದೆರಡರಲ್ಲಿ ಒಂದನ್ನು ಆರಿಸಿದ್ದರೆ ‘ಅ’, ಅಂದರೆ ಅನುಮಾನ. ಏನೂ ಗೊತ್ತಿಲ್ಲದೆ ಗುಂಡಿ ತುಂಬಿದ್ದರೆ ‘ಊ’. ಇದನ್ನು ಕೀ ಉತ್ತರ ನೋಡುವ ಮೊದಲೇ ಬರೆದಿರಬೇಕು. ಕೀ ನೋಡಿದ ಮೇಲೆ ಎಲ್ಲರಿಗೂ ‘ಇದು ನನಗೆ ಗೊತ್ತಿತ್ತು’ ಅನ್ನಿಸುತ್ತದೆ, ಆಗ ಗುರುತಿಗೆ ಬೆಲೆಯಿಲ್ಲ.

ಸಂಜೆ ಮೂರನ್ನೂ ಬೇರೆ ಬೇರೆ ಎಣಿಸಿ, ಎಷ್ಟು ಸರಿ, ಎಷ್ಟು ತಪ್ಪು ಅಂತ ಇಲ್ಲೇ ಹಾಕಿ. ಅಲ್ಲಿಯವರೆಗೆ ಹೊಸದೇನೂ ಪುಸ್ತಕಕ್ಕೆ ಇಳಿಸಬೇಡಿ.

ಬಸು ಅವರಿಗೆ: ಊಹೆಯ ಬಗ್ಗೆ ನೀವು ಹೇಳಿದ್ದು ಅರ್ಧ ಸರಿ. ಪ್ರಶ್ನೆಗೆ 2 ಅಂಕ, ತಪ್ಪಿಗೆ ಕಾಲು ಭಾಗ, ಅಂದರೆ ಅರ್ಧ ಅಂಕ ಕಳೆಯುತ್ತಾರೆ. ಐದು ಊಹೆಯಲ್ಲಿ ಒಂದು ಸರಿಯಾದರೆ ಬಂದದ್ದು 2, ಹೋದದ್ದು 2. ಹಾಗಾಗಿ ನೂರಕ್ಕೆ ಇಪ್ಪತ್ತು ಸರಿ ಬಂದರೆ ನಷ್ಟವಿಲ್ಲ. ನಾಲ್ಕು ಆಯ್ಕೆಯಲ್ಲಿ ಕಣ್ಣುಮುಚ್ಚಿ ಹಾಕಿದರೂ ಸರಾಸರಿ ಇಪ್ಪತ್ತೈದು ಬರಬೇಕು. ಯುಪಿಎಸ್‌ಸಿಯಲ್ಲಿ ಮೂರನೇ ಒಂದು ಭಾಗ ಕಳೆಯುವುದರಿಂದ ಅಲ್ಲಿ ಕುರುಡು ಊಹೆಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಇಲ್ಲಿ ಕೂದಲೆಳೆಯಷ್ಟು ಲಾಭ ಇದೆ. ಆದರೆ ಪ್ರಶ್ನೆ ತೆಗೆಯುವವರು ಸುಲಭವಾಗಿ ಕಣ್ಣಿಗೆ ಬೀಳುವ ತಪ್ಪು ಆಯ್ಕೆಯನ್ನು ಬೇಕೆಂದೇ ಇಡುತ್ತಾರೆ. ಆದ್ದರಿಂದ ಪುಸ್ತಕದ ಲೆಕ್ಕ ನಂಬಬೇಡಿ, ನಿಮ್ಮ ‘ಊ’ ಗುರುತುಗಳಲ್ಲಿ ಎಷ್ಟು ಸರಿ ಬರ್ತಿದೆ ಅನ್ನೋದನ್ನು ನೋಡಿ.

ಬಯಲುಸೀಮೆ ಬಸು (ಸೋಮವಾರ ಮಧ್ಯಾಹ್ನ)

ಹೌದಲ್ರಿ, ಐದಕ್ಕ ಒಂದು. ನಾ ಇಷ್ಟ ದಿನ ಇಪ್ಪತ್ತೈದ ಪ್ರಶ್ನಿ ಖಾಲಿ ಬಿಟ್ಟ ಬರ್ತಿದ್ದೆ. ಆದ್ರ ಎಲ್ಲಾ ತಪ್ಪೂ ಬರಕೋಬೇಕು ಅನ್ನೋದನ್ನ ನಾ ಬಿಡಂಗಿಲ್ಲ.

ಮಗಳ ನೀಟ್ (ಸೋಮವಾರ ಸಂಜೆ)

ಕ್ಷಮಿಸಿ, ಇಲ್ಲಿ ಕೇಳಬಹುದಾ ಗೊತ್ತಿಲ್ಲ. ನನ್ನ ಮಗಳು ದ್ವಿತೀಯ ಪಿಯುಸಿ, ನೀಟ್ ಬರೀತಾಳೆ. ಅವಳ ಕಾಲೇಜಿನಲ್ಲೂ ವಾರಕ್ಕೊಂದು ಪರೀಕ್ಷೆ. ತಪ್ಪು ಬರೆಯೋಕೆ ಪುಸ್ತಕ ಕೊಟ್ಟಿದ್ದಾರೆ, ಬರೀತಾಳೆ, ತಿರುಗಿ ನೋಡೋದೇ ಇಲ್ಲ. ‘ಟೈಮ್ ಎಲ್ಲಿದೆ ಅಮ್ಮ’ ಅಂತಾಳೆ. ಜೀವಶಾಸ್ತ್ರದಲ್ಲೇ ಜಾಸ್ತಿ ಕಳ್ಕೊಳ್ತಾಳೆ. ನನಗೆ ವಿಜ್ಞಾನ ಗೊತ್ತಿಲ್ಲ. ನಾನು ಏನಾದರೂ ಮಾಡಬಹುದಾ?

ಲೆಕ್ಕದ ಮೇಷ್ಟ್ರು (ಸೋಮವಾರ ರಾತ್ರಿ)

ತಾಯಿ, ನಿಮಗೆ ವಿಜ್ಞಾನ ಬರಬೇಕಾಗಿಲ್ಲ. ಪುಸ್ತಕ ನಿಮ್ಮ ಕೈಯಲ್ಲಿ ಇರಲಿ, ವಾರದಲ್ಲಿ ಒಂದು ಸಂಜೆ ಊಟಕ್ಕೆ ಮುಂಚೆ ಅರ್ಧ ಗಂಟೆ ನೀವು ಪ್ರಶ್ನೆ ಓದಿ, ಅವಳು ಬಾಯಲ್ಲಿ ಹೇಳಲಿ. ಆಯ್ಕೆಗಳನ್ನು ಓದಬೇಡಿ. ಉತ್ತರ ಹೇಳಿದ ಮೇಲೆ ‘ಯಾಕೆ?’ ಅಂತ ಒಂದು ಮಾತು ಕೇಳಿ. ತಡವರಿಸಿದರೆ ಪಕ್ಕದಲ್ಲಿ ಒಂದು ಚುಕ್ಕೆ ಇಡಿ, ಬೈಯಬೇಡಿ. ಅವಳಿಗೆ ಬೇರೆ ಸಮಯ ಹುಡುಕುವ ತೊಂದರೆ ಇರಲ್ಲ. ನೀಟ್‌ನಲ್ಲಿ 180 ಪ್ರಶ್ನೆಗೆ 90 ಜೀವಶಾಸ್ತ್ರದ್ದೇ. ಅಲ್ಲಿ ಎನ್‌ಸಿಇಆರ್‌ಟಿ ಪುಸ್ತಕದ ಸಾಲು ಸಾಲೂ ಬೇಕು. ತಪ್ಪಿನ ಎದುರಿಗೆ ಆ ಪುಸ್ತಕದ ಪುಟದ ಸಂಖ್ಯೆ ಬರೆಯೋಕೆ ಹೇಳಿ, ಉತ್ತರ ಬರೆಯೋದಕ್ಕಿಂತ ಅದು ಉಪಯೋಗ.

ಸಂಜೆಯ ಓದು (ಮುಂದಿನ ಭಾನುವಾರ ರಾತ್ರಿ)

ತುಂಗಾತೀರ ಸರ್ ಹೇಳಿದ ಹಾಗೆ ಅಂಚಿನಲ್ಲಿ ಅಕ್ಷರ ಬರೆದೆ. ಲೆಕ್ಕ ಹೀಗಿದೆ.

ಮುಟ್ಟಿದ್ದು 92, ಖಾಲಿ 8. ಸರಿ 54, ತಪ್ಪು 38. ಅಂಕ 108ರಲ್ಲಿ 19 ಕಳೆದು 89.
‘ಖ’ 44, ಅದರಲ್ಲಿ ಸರಿ 36, ತಪ್ಪು 8.
‘ಅ’ 30, ಅದರಲ್ಲಿ ಸರಿ 14, ತಪ್ಪು 16.
‘ಊ’ 18, ಅದರಲ್ಲಿ ಸರಿ 4, ತಪ್ಪು 14.

ಖಂಡಿತ ಗೊತ್ತು ಅಂದುಕೊಂಡಿದ್ದರಲ್ಲೇ ಎಂಟು ತಪ್ಪು ನೋಡಿ ದಂಗಾದೆ.

ತುಂಗಾತೀರ (ಸೋಮವಾರ ಬೆಳಗ್ಗೆ)

ಚೆನ್ನಾಗಿ ಮಾಡಿದ್ದೀರಿ. ಈಗ ಪ್ರತಿ ಗುಂಪು ನಿಮಗೆ ಎಷ್ಟು ಅಂಕ ತಂದಿದೆ ನೋಡೋಣ. ‘ಖ’ಗಳಿಂದ 72ರಲ್ಲಿ 4 ಹೋಗಿ 68. ‘ಅ’ಗಳಿಂದ 28ರಲ್ಲಿ 8 ಹೋಗಿ 20. ‘ಊ’ಗಳಿಂದ 8ರಲ್ಲಿ 7 ಹೋಗಿ ಬರೀ 1. ಹದಿನೆಂಟು ಪ್ರಶ್ನೆ ಓದಿ, ಯೋಚಿಸಿ, ಗುಂಡಿ ತುಂಬಿ ಸಿಕ್ಕಿದ್ದು ಒಂದು ಅಂಕ.

ಇನ್ನು ಪುಸ್ತಕದ ವಿಷಯ. ಆ ಹದಿನಾಲ್ಕು ‘ಊ’ ತಪ್ಪುಗಳನ್ನು ತಪ್ಪಿನ ಪುಸ್ತಕಕ್ಕೆ ಹಾಕಬೇಡಿ. ಅವು ತಪ್ಪುಗಳೇ ಅಲ್ಲ, ನೀವು ಓದಿರದ ಪಾಠಗಳು. ಬೇರೆ ಹಾಳೆಯಲ್ಲಿ ಪಾಠದ ಹೆಸರು ಮಾತ್ರ ಬರೆಯಿರಿ. ನಾಲ್ಕು ಪ್ರಶ್ನೆ ಒಂದೇ ಪಾಠದಿಂದ ಬಂದಿದ್ದರೆ ಆ ಪಾಠವನ್ನು ಕೂತು ಓದಬೇಕು. ಬಿಡಿ ಬಿಡಿ ಉತ್ತರ ಉರುಹೊಡೆದರೆ ಪ್ರಯೋಜನವಿಲ್ಲ. ಬಸು ಅವರೇ, ಎಲ್ಲ ತಪ್ಪೂ ಬರೆಯಬೇಡಿ ಅನ್ನುವುದು ಇದಕ್ಕೇ. ಓದದ ಪಾಠದ ಉತ್ತರಗಳು ಪುಸ್ತಕ ತುಂಬಿದರೆ, ಓದಿಯೂ ತಪ್ಪಿದ್ದು ಅದರಡಿ ಹೂತುಹೋಗುತ್ತದೆ.

ಉಳಿದದ್ದು 24. ಅದರಲ್ಲಿ ಮೊದಲು ಆ ಎಂಟು ‘ಖ’ ತೆಗೆದುಕೊಳ್ಳಿ. ಒಂದೊಂದೂ ಬರಬೇಕಿದ್ದ 2 ಅಂಕ ತಪ್ಪಿಸಿ, ಮೇಲೆ ಅರ್ಧ ಕಸಿದಿದೆ, ಒಟ್ಟು ಇಪ್ಪತ್ತು ಅಂಕ. ಯಾಕೆ ತಪ್ಪಾಯಿತು ಅಂತ ಪ್ರಶ್ನೆಯ ಸಂಖ್ಯೆ ಸಮೇತ ಬರೆದು ಹಾಕಿ. ‘ಗಮನ ಕೊಡಲಿಲ್ಲ’ ಅಂತ ಮಾತ್ರ ಬರೆಯಬೇಡಿ. ಆ ಮಾತಿನಿಂದ ಮುಂದೆ ಮಾಡೋಕೆ ಏನೂ ಹುಟ್ಟುವುದಿಲ್ಲ.

ಸಂಜೆಯ ಓದು (ಸೋಮವಾರ ರಾತ್ರಿ)

ಬರೆದೆ ಸರ್. ಮೂರು ಪ್ರಶ್ನೆಗಳಲ್ಲಿ ‘ಸರಿಯಲ್ಲದ ಹೇಳಿಕೆ ಯಾವುದು’ ಅಂತ ಇತ್ತು, ಸರಿಯಾದದ್ದನ್ನು ಗುರುತು ಮಾಡಿದ್ದೀನಿ. ಸಂಖ್ಯೆ 84, 91, 97. ಒಂದರಲ್ಲಿ ಪುಸ್ತಿಕೆಯಲ್ಲಿ ಸರಿ ಉತ್ತರಕ್ಕೇ ಗುರುತು ಹಾಕಿ, ಒಎಂಆರ್‌ನಲ್ಲಿ ಪಕ್ಕದ ಗುಂಡಿ ತುಂಬಿದ್ದೀನಿ. ಅದು 88.

ಉಳಿದ ನಾಲ್ಕು ನೆನಪಿನದು. ಅದರಲ್ಲಿ ಒಂದು 371ಜೆ ಯಾವ ತಿದ್ದುಪಡಿ ಅಂತ. 97 ಅಂದೆ, ಉತ್ತರ 98. ಇನ್ನೊಂದು ಕಾವೇರಿಯ ಎಡದಂಡೆ ಉಪನದಿ. ಆಯ್ಕೆಗಳು ಕಬಿನಿ, ಲಕ್ಷ್ಮಣತೀರ್ಥ, ಸುವರ್ಣಾವತಿ, ಶಿಂಷಾ. ನಾನು ಲಕ್ಷ್ಮಣತೀರ್ಥ ಹಾಕಿದೆ.

ತುಂಗಾತೀರ (ಸೋಮವಾರ ರಾತ್ರಿ)

ಸಂಖ್ಯೆ ಬರೆಯಿರಿ ಅಂದದ್ದು ಇದಕ್ಕೇ. 84, 88, 91, 97. ನಾಲ್ಕೂ ಕೊನೆಯ ಇಪ್ಪತ್ತರೊಳಗೆ. ನೀವು ಗುಂಡಿಗಳನ್ನೆಲ್ಲ ಕೊನೆಗೆ ತುಂಬುತ್ತೀರಾ?

ಸಂಜೆಯ ಓದು (ಸೋಮವಾರ ರಾತ್ರಿ)

ಹೌದು ಸರ್. ಕೊನೆಯ ಹದಿನೈದು ನಿಮಿಷ ಅದಕ್ಕೇ ಅಂತ ಇಟ್ಕೊಂಡಿದ್ದೀನಿ.

ತುಂಗಾತೀರ (ಸೋಮವಾರ ರಾತ್ರಿ)

ಅಲ್ಲೇ ಇದೆ. ನೂರು ಪ್ರಶ್ನೆಗೆ 120 ನಿಮಿಷ, ಒಂದಕ್ಕೆ 72 ಸೆಕೆಂಡು. ಹದಿನೈದು ನಿಮಿಷ ತೆಗೆದಿಟ್ಟರೆ ಒಂದಕ್ಕೆ 63 ಸೆಕೆಂಡು ಉಳಿಯಿತು. ಮೊದಲ ಅರವತ್ತು ಪ್ರಶ್ನೆಗಳನ್ನು ನಿಧಾನವಾಗಿ ಮಾಡಿ, ಎಂಬತ್ತರ ನಂತರ ಓಡುತ್ತಿದ್ದೀರಿ. ಪುಟ ಮುಗಿದ ಹಾಗೆ ಆ ಪುಟದ ಗುಂಡಿ ತುಂಬಿ. ‘ಸರಿಯಲ್ಲದ’, ‘ಹೊರತುಪಡಿಸಿ’ ಅನ್ನುವ ಪದ ಕಂಡ ಕೂಡಲೇ, ಆಯ್ಕೆಗಳ ಕಡೆ ಕಣ್ಣು ಹಾಕುವ ಮೊದಲೇ ಆ ಪದಕ್ಕೆ ಸುತ್ತು ಹಾಕಿ. ಇಂಥ ತಪ್ಪುಗಳನ್ನು ಪುಸ್ತಕದಲ್ಲಿ ಪ್ರಶ್ನೆ ಸಮೇತ ಬರೆಯುವ ಅಗತ್ಯವೇ ಇಲ್ಲ. ವಾರ ವಾರ ಎಷ್ಟು, ಯಾವ ಸಂಖ್ಯೆಯ ಹತ್ತಿರ ಅಂತ ಒಂದು ಸಾಲು ಸಾಕು.

ಇನ್ನು ಕಾವೇರಿಯದು. ಉಪನದಿಗಳ ಪಟ್ಟಿ ನಿಮಗೆ ಬರುತ್ತೆ, ದಂಡೆ ಬರಲ್ಲ. ನೀವು ಈಗಿನ ಪದ್ಧತಿಯಲ್ಲಿ ಕೆಂಪು ಪೆನ್ನಲ್ಲಿ ‘ಶಿಂಷಾ’ ಅಂತ ಬರೆದರೆ ಮುಂದಿನ ಸಲ ಅರ್ಕಾವತಿ ಕೇಳಿದಾಗ ಮತ್ತೆ ತಪ್ಪು. ಕಾರಣ ಬರೆಯಬೇಕು. ನದಿ ಹರಿಯುವ ದಿಕ್ಕಿಗೆ ಮುಖ ಮಾಡಿ ನಿಂತಾಗ ಎಡಗೈ ಕಡೆಯದು ಎಡದಂಡೆ. ಕಾವೇರಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುತ್ತಾಳೆ, ಹಾಗಾಗಿ ಉತ್ತರದಿಂದ ಬಂದು ಸೇರುವವು ಎಡದಂಡೆಯವು: ಹಾರಂಗಿ, ಹೇಮಾವತಿ, ಶಿಂಷಾ, ಅರ್ಕಾವತಿ. ದಕ್ಷಿಣದಿಂದ ಬರುವ ಲಕ್ಷ್ಮಣತೀರ್ಥ, ಕಬಿನಿ, ಸುವರ್ಣಾವತಿ ಬಲದಂಡೆ. ಪುಸ್ತಕದಲ್ಲಿ ಇರಬೇಕಾದ ಸಾಲು ಇಷ್ಟೇ: ‘ದಂಡೆ ಗೊತ್ತಿರಲಿಲ್ಲ, ಹರಿವಿನ ದಿಕ್ಕಿಗೆ ನಿಂತು ನೋಡು.’ ಆಯ್ಕೆಗಳನ್ನು ಬರೆಯಲೇಬೇಡಿ.

ಪರಿಶೀಲನೆಯ ದಿನ ನಿಮ್ಮನ್ನು ನೀವು ಕಾವೇರಿ ಕೇಳಿಕೊಳ್ಳಬೇಡಿ, ಕೃಷ್ಣಾ ಕೇಳಿಕೊಳ್ಳಿ. ಅದೇ ನಿಯಮದಿಂದ ಭೀಮಾ, ಡೋಣಿ ಎಡಕ್ಕೆ, ಘಟಪ್ರಭಾ, ಮಲಪ್ರಭಾ, ತುಂಗಭದ್ರಾ ಬಲಕ್ಕೆ ಬಂದರೆ ತಪ್ಪು ತಿದ್ದಿದೆ ಅಂತ ಅರ್ಥ. 371ಜೆ ಕೂಡ ಹಾಗೇ. 97 ಸಹಕಾರ ಸಂಘಗಳದ್ದು, 98 ಕಲ್ಯಾಣ ಕರ್ನಾಟಕದ ವಿಶೇಷ ಸ್ಥಾನಮಾನದ್ದು. ಎರಡನ್ನೂ ಒಂದೇ ಸಾಲಿನಲ್ಲಿ ಜೋಡಿಯಾಗಿ ಬರೆಯಿರಿ. ಆ ದಿನ ಕೇಳಿಕೊಳ್ಳಬೇಕಾದದ್ದು ‘97ರಲ್ಲಿ ಏನಾಯಿತು?’ ಅಂತ.

ಬಯಲುಸೀಮೆ ಬಸು (ಮಂಗಳವಾರ)

ಸರ, ದಿನದ ಮಾತ ಉಳೀತಲ್ರಿ. ಭಾನುವಾರ ಸಂಜಿ ಯಾಕ ಬ್ಯಾಡ?

ತುಂಗಾತೀರ (ಮಂಗಳವಾರ ಸಂಜೆ)

ಭಾನುವಾರ ಸಂಜೆ ಕೀ ನೋಡಿ, ಗುಂಪು ಮಾಡಿ, ಕಾರಣ ಬರೆಯುವುದಷ್ಟೇ ಆಗಬೇಕು. ಅದು ಬಿಸಿಯಲ್ಲಿ ಆಗಲೇಬೇಕು, ಯಾಕೆಂದರೆ ಆ ಕ್ಷಣ ನೀವು ಏನು ಯೋಚಿಸಿ ಆ ಆಯ್ಕೆ ಹಾಕಿದಿರಿ ಅನ್ನುವುದು ಎರಡು ದಿನದಲ್ಲಿ ಮರೆತುಹೋಗುತ್ತದೆ. ಅಲ್ಲಿಯವರೆಗೆ ನಿಮ್ಮ ಮಾತು ಸರಿ. ಆದರೆ ಅದೇ ಸಂಜೆ ‘ಈಗ ಬರುತ್ತಾ’ ಅಂತ ಪರೀಕ್ಷೆ ಮಾಡಿಕೊಂಡರೆ ಎಲ್ಲವೂ ಬರುತ್ತದೆ. ಈಗ ತಾನೇ ಉತ್ತರ ನೋಡಿದ್ದೀರಿ.

ನಮ್ಮ ಗುಂಪಿನಲ್ಲಿ ಗುರುವಾರ ಇಟ್ಟುಕೊಂಡಿದ್ದೇವೆ. ನಡುವೆ ಮೂರು ದಿನ ಕಳೆದಿರುತ್ತೆ, ಉತ್ತರ ‘ಬಿ’ ಅನ್ನುವ ನೆನಪು ಅಳಿಸಿರುತ್ತೆ, ವಿಷಯ ಉಳಿದಿದ್ದರೆ ಮಾತ್ರ ಉತ್ತರ ಬರುತ್ತದೆ. ಬರದಿದ್ದದ್ದನ್ನು ಓದೋಕೆ ಶುಕ್ರವಾರ, ಶನಿವಾರ ಕೈಯಲ್ಲಿ ಇರುತ್ತದೆ.

ಗುರುವಾರ ಏನು ಮಾಡುವುದು ಅಂದರೆ, ಪುಟವನ್ನು ಉದ್ದಕ್ಕೆ ಮಡಚಿಡಿ. ಎಡಕ್ಕೆ ಪ್ರಶ್ನೆಯ ಒಂದು ಸಾಲು, ಬಲಕ್ಕೆ ಕಾರಣ ಮತ್ತು ಉತ್ತರ. ಬಲಭಾಗ ಮುಚ್ಚಿ ಒಂದು ಬಿಡಿ ಹಾಳೆಯಲ್ಲಿ ಉತ್ತರ ಬರೆಯುತ್ತಾ ಹೋಗಿ, ಆಮೇಲೆ ತೆರೆದು ನೋಡಿ. ಸರಿ ಬಂದಿದ್ದರೆ ಅಂಚಿನಲ್ಲಿ ತಾರೀಖು ಹಾಕಿ. ಎರಡನೆಯ ತಾರೀಖನ್ನು ಮರುವಾರವೇ ಹಾಕಬೇಡಿ, ಒಂದು ಗುರುವಾರ ಬಿಟ್ಟು ಮತ್ತೆ ಕೇಳಿಕೊಳ್ಳಿ. ಎರಡು ತಾರೀಖು ಬಿದ್ದ ಮೇಲೆ ಸಾಲು ಹೊಡೆದುಹಾಕಿ, ಅದು ಮುಗಿಯಿತು. ತಪ್ಪಾದರೆ ಇದ್ದ ತಾರೀಖೂ ಹೋಯಿತು, ಮತ್ತೆ ಮೊದಲಿಂದ. ಮೂರು ಸಲ ತಪ್ಪಿದ್ದು ಇದ್ದರೆ ಅದರ ಮೂಲ ಪಾಠಕ್ಕೆ ಹೋಗಿ. ಪುಸ್ತಕದ ಸಾಲಿನಿಂದ ಅದು ತಿದ್ದುವುದಿಲ್ಲ.

ಪದ್ಧತಿ ನಡೆಯುತ್ತಿದೆಯೇ ಇಲ್ಲವೇ ಅಂತ ತಿಳಿಯೋಕೆ ಒಂದೇ ಗುರುತು. ಹೊಡೆಯದೆ ಉಳಿದ ಸಾಲುಗಳನ್ನು ಪ್ರತಿ ಗುರುವಾರ ಎಣಿಸಿ. ಮೊದಲ ಮೂರು ನಾಲ್ಕು ವಾರ ಏರುತ್ತದೆ, ಅದು ಸಹಜ. ಆಮೇಲೂ ಏರುತ್ತಲೇ ಇದ್ದರೆ ನೀವು ತಿದ್ದುವುದಕ್ಕಿಂತ ಹೆಚ್ಚು ಸೇರಿಸುತ್ತಿದ್ದೀರಿ. ಆಗ ಒಂದು ಭಾನುವಾರದ ಪತ್ರಿಕೆ ಬಿಡಿ. ಆ ಎರಡು ಗಂಟೆ ಹಳೆಯ ಸಾಲುಗಳಿಗೆ ಕೊಡಿ.

ವಿಜಯನಗರ ರೂಮು (ಮಂಗಳವಾರ ರಾತ್ರಿ)

ಪತ್ರಿಕೆ ಬಿಡಿ ಅನ್ನೋದನ್ನ ನಾನು ಒಪ್ಪಲ್ಲ ಸರ್. ಪ್ರಿಲಿಮ್ಸ್ ಅಂಕ ಮುಖ್ಯ ಪರೀಕ್ಷೆಗೆ ಹೋಗೋ ಅರ್ಹತೆಗೆ ಮಾತ್ರ, ಕೊನೇ ರ‍್ಯಾಂಕಿಗೆ ಸೇರಲ್ಲ ನಿಜ. ಆದರೆ ಅಲ್ಲಿ ದಾಟದಿದ್ದರೆ ಮುಂದೆ ಏನೂ ಇಲ್ಲ. ಗೊತ್ತಿರೋರೇ ಆ ದಿನ ಮಧ್ಯಾಹ್ನದ ಪತ್ರಿಕೆಯಲ್ಲಿ ಸುಸ್ತಾಗಿ ಕೆಡಿಸ್ಕೊಂಡಿರೋದನ್ನ ನೋಡಿದ್ದೀನಿ. ಕೂರೋ ಅಭ್ಯಾಸ ತಪ್ಪಿಸಬಾರದು.

ತುಂಗಾತೀರ (ಮಂಗಳವಾರ ರಾತ್ರಿ)

ಮಧ್ಯಾಹ್ನದ ಸುಸ್ತು ನಿಜವಾದ ವಿಷಯ, ಅದನ್ನು ತಳ್ಳಿಹಾಕಲ್ಲ. ಪರೀಕ್ಷೆ ಹತ್ತಿರ ಬಂದಾಗ ಎರಡೂ ಪತ್ರಿಕೆಯನ್ನು ಒಂದೇ ದಿನ, ಅದೇ ಸಮಯಕ್ಕೆ ಬರೆಯಲೇಬೇಕು. ಆದರೆ ಪರೀಕ್ಷೆಗೆ ಆರು ತಿಂಗಳು ಇರುವಾಗ ವಾರಕ್ಕೆ ಐದು ಬರೆದರೆ ನೂರೈವತ್ತು ತಪ್ಪು ಬರುತ್ತವೆ, ಅದನ್ನು ಯಾವ ಗುರುವಾರ ನೋಡುತ್ತೀರಿ? ಕೆಲಸಕ್ಕೆ ಹೋಗುವವರಿಗೆ ಒಂದೇ ಸಾಕು ಅನ್ನುವುದು ನನ್ನ ಮಾತು. ದಿನವಿಡೀ ಓದುವವರಿಗೆ ಎರಡು ಆಗಬಹುದು.

ಬಯಲುಸೀಮೆ ಬಸು (ಬುಧವಾರ)

ನಂದೊಂದ ಸಂಗತಿ ಹೇಳ್ತೀನ್ರಿ. ನಾ ಬರೆಯೋ ಒಂದ ಮಾಕ್‌ನ್ಯಾಗ ಐಹೊಳೆ ಶಾಸನದ ಭಾಷೆ ಕನ್ನಡ ಅಂತ ಕೀ ಕೊಟ್ಟಿದ್ರು. ನಾ ಸಂಸ್ಕೃತ ಹಾಕಿದ್ದೆ. ತಪ್ಪು ಅಂತ ಪುಸ್ತಕದಾಗ ಬರಕೊಂಡು ಅದನ್ನ ಬಾಯಿಪಾಠ ಮಾಡೇನಿ. ನಿನ್ನೆ ಪಠ್ಯಪುಸ್ತಕ ತಗದ ನೋಡಿದ್ರ ಸಂಸ್ಕೃತನ ಐತಿ!

ತುಂಗಾತೀರ (ಬುಧವಾರ)

ನೀವು ಹಾಕಿದ್ದೇ ಸರಿ. ರವಿಕೀರ್ತಿ ಬರೆದ ಆ ಶಾಸನ ಸಂಸ್ಕೃತದ್ದು, ಕ್ರಿ.ಶ. 634ರದು. ಲಿಪಿ ಹಳೆಗನ್ನಡದ್ದಾದ್ದರಿಂದ ಕೀ ಮಾಡಿದವರು ಎಡವಿರಬೇಕು. ಇದು ಎಲ್ಲರಿಗೂ ಉಪಯೋಗದ ಮಾತು: ‘ಖ’ ಗುರುತಿನ ಯಾವ ತಪ್ಪನ್ನೂ ಮೂಲ ಪುಸ್ತಕ ನೋಡದೆ ತಪ್ಪಿನ ಪುಸ್ತಕಕ್ಕೆ ಇಳಿಸಬೇಡಿ. ರಾಜ್ಯದ ಪಠ್ಯಪುಸ್ತಕ ಪಕ್ಕದಲ್ಲೇ ಇರಲಿ. ಸಾಧ್ಯವಾದರೆ ತಿಂಗಳಿಗೆ ಒಂದು ಭಾನುವಾರ ಮಾಕ್ ಬದಲು ಕೆಪಿಎಸ್‌ಸಿಯ ಹಳೆಯ ಪತ್ರಿಕೆಯನ್ನೇ ಬರೆಯಿರಿ, ಆಯೋಗದ ಕೀ ಉತ್ತರ ಸಿಗುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು. 2024ರ ಆಗಸ್ಟ್ 27ರ ಪ್ರಿಲಿಮ್ಸ್‌ನಲ್ಲಿ ಅನುವಾದದ ದೋಷಗಳಾಗಿ ಡಿಸೆಂಬರ್ 29ಕ್ಕೆ ಮರುಪರೀಕ್ಷೆ ಆಯಿತಲ್ಲ, ಆ ಪತ್ರಿಕೆ ಸಿಕ್ಕರೆ ಬರೆದು ನೋಡಿ. ಕನ್ನಡ ವಾಕ್ಯ ಎಡವಟ್ಟು ಅನ್ನಿಸಿದಾಗ ಇಂಗ್ಲಿಷ್ ಭಾಗವನ್ನು ಒಮ್ಮೆ ನೋಡುವ ಅಭ್ಯಾಸ ಆಗಬೇಕು. ತಪ್ಪಿನ ಕಾರಣಗಳಲ್ಲಿ ‘ಅನುವಾದ’ ಅಂತಲೂ ಒಂದು ಇಟ್ಟುಕೊಳ್ಳಿ.

ಲೆಕ್ಕದ ಮೇಷ್ಟ್ರು (ಬುಧವಾರ ರಾತ್ರಿ)

ಎರಡನೇ ಪತ್ರಿಕೆಯ ಮಾನಸಿಕ ಸಾಮರ್ಥ್ಯಕ್ಕೆ ಈ ಮಡಚಿದ ಪುಟ ನಡೆಯಲ್ಲ. ಅಲ್ಲಿ ಉತ್ತರ ನೆನಪಿಡೋದರಲ್ಲಿ ಅರ್ಥವಿಲ್ಲ. ಉದಾಹರಣೆಗೆ, ಸಕ್ಕರೆ ಬೆಲೆ ಶೇಕಡ 25 ಏರಿದರೆ ಖರ್ಚು ಹಾಗೇ ಇರಲು ಬಳಕೆ ಎಷ್ಟು ಕಡಿಮೆ ಮಾಡಬೇಕು ಅಂತ ಕೇಳ್ತಾರೆ. ಹೆಚ್ಚಿನ ಮಕ್ಕಳು 25 ಅಂತಾರೆ. ನೂರು ರೂಪಾಯಿಗೆ ಬರುತ್ತಿದ್ದ ವಸ್ತುವಿಗೆ ಈಗ 125, ನೂರು ರೂಪಾಯಿಗೆ ಐದರಲ್ಲಿ ನಾಲ್ಕು ಭಾಗ ಬರುತ್ತೆ, ಆದ್ದರಿಂದ ಶೇಕಡ 20. ತಪ್ಪಿನ ಪುಸ್ತಕದಲ್ಲಿ ‘20’ ಅಂತ ಬರೆದರೆ ಏನು ಬಂತು? ‘ಏರಿಕೆ ಹಳೇ ಬೆಲೆಯ ಮೇಲೆ, ಇಳಿಕೆ ಹೊಸ ಬೆಲೆಯ ಮೇಲೆ’ ಅಂತ ಎಡವಿದ ಸಾಲನ್ನು ಬರೀಬೇಕು.

ಗುರುವಾರ ಖಾಲಿ ಹಾಳೆಯಲ್ಲಿ ಇಡೀ ಲೆಕ್ಕ ಮತ್ತೆ ಮಾಡಿ, ಸಂಖ್ಯೆ ಬದಲಿಸಿ. ಗಡಿಯಾರ ನೋಡಿ. ಸರಿ ಬಂದರೂ ಎರಡು ನಿಮಿಷಕ್ಕಿಂತ ಹೆಚ್ಚು ಹಿಡಿದಿದ್ದರೆ ಅದನ್ನು ಹೊಡೆದುಹಾಕಬೇಡಿ. ಮಾಕ್‌ನಲ್ಲಿ ಸರಿಯಾಗಿಯೂ ತಡವಾದ ಲೆಕ್ಕಗಳನ್ನೂ ಪುಸ್ತಕಕ್ಕೆ ಹಾಕಿ, ಅವೇ ಉಳಿದ ಪ್ರಶ್ನೆಗಳ ಸಮಯ ತಿನ್ನೋದು.

ಮಗಳ ನೀಟ್ (ಶುಕ್ರವಾರ)

ಮೇಷ್ಟ್ರೇ, ನಿನ್ನೆ ಸಂಜೆ ಅರ್ಧ ಗಂಟೆ ಕೇಳಿದೆ. ಮೊದಲು ಮುಖ ಊದಿಸಿಕೊಂಡಳು, ಆಮೇಲೆ ಸರಿ ಹೋಯ್ತು. ಹತ್ತರಲ್ಲಿ ಆರಕ್ಕೆ ‘ಯಾಕೆ’ ಅಂದಾಗ ಹೇಳೋಕೆ ಆಗಲಿಲ್ಲ, ಉತ್ತರ ಮಾತ್ರ ಸರಿ ಇತ್ತು. ಅವಕ್ಕೆ ಚುಕ್ಕೆ ಇಡಬೇಕಾ, ಬೇಡವಾ?

ಲೆಕ್ಕದ ಮೇಷ್ಟ್ರು (ಶುಕ್ರವಾರ)

ಇಡಿ. ಆರಕ್ಕೂ.

ಸಂಜೆಯ ಓದು (ಮೂರು ವಾರದ ನಂತರ, ಗುರುವಾರ ರಾತ್ರಿ)

ಇಲ್ಲಿಯವರೆಗಿನದು ಹೇಳ್ತೀನಿ. ಪುಟ ಪುಟಕ್ಕೇ ಗುಂಡಿ ತುಂಬೋಕೆ ಶುರು ಮಾಡಿದ ಮೇಲೆ ‘ಸರಿಯಲ್ಲದ’ ತಪ್ಪು ಕಳೆದ ಪತ್ರಿಕೆಯಲ್ಲಿ ಒಂದೇ ಆಯ್ತು, ಗುಂಡಿ ತಪ್ಪಲಿಲ್ಲ. ‘ಖ’ದಲ್ಲಿ ತಪ್ಪು ಎಂಟರಿಂದ ನಾಲ್ಕಕ್ಕೆ ಬಂದಿದೆ. ಅಂಕ 98.

ಆದರೆ ‘ಅ’ ಗುಂಪು ಅಲ್ಲಾಡ್ತಿಲ್ಲ. ಈಗಲೂ ಅರ್ಧಕ್ಕರ್ಧ. ನಡುವೆ ಒಂದು ಗುರುವಾರ ತರಬೇತಿಗೆ ಹಾಕಿದ್ದರು, ಶುಕ್ರವಾರ ಮಾಡಿದೆ. ಹೊಡೆಯದೆ ಉಳಿದ ಸಾಲು ಈಗ 51.

ಒಂದು ಅನುಮಾನ. ‘ಅ’ ಗುರುತು ಹಾಕಿ ಸರಿ ಬಂದ ಪ್ರಶ್ನೆಗಳನ್ನೂ ಪುಸ್ತಕಕ್ಕೆ ಸೇರಿಸಬೇಕಾ? ಅವು ಕೂಡ ನಾಣ್ಯ ಎಸೆದ ಹಾಗೇ ಸರಿ ಬಂದಿರೋದು.

ತುಂಗಾತೀರ (ಗುರುವಾರ ರಾತ್ರಿ)

ಅರ್ಧಕ್ಕರ್ಧ ಬಂದರೂ ‘ಅ’ ಲಾಭದ ಗುಂಪೇ, ಬಿಡಬೇಡಿ. ಅದು ನಿಧಾನಕ್ಕೆ ಬದಲಾಗುತ್ತದೆ, ಯಾಕೆಂದರೆ ಅಲ್ಲಿ ನಿಮಗೆ ಅರ್ಧ ಗೊತ್ತಿದೆ, ಉಳಿದರ್ಧ ಪಾಠಕ್ಕೆ ವಾಪಸು ಹೋಗದೆ ಬರುವುದಿಲ್ಲ. ಕಾರಣ ಬರೆಯುವಾಗ ‘ಕೊನೆಗೆ ಉಳಿದ ಎರಡು ಆಯ್ಕೆ ಯಾವುವು, ಅವುಗಳ ವ್ಯತ್ಯಾಸ ಏನು’ ಅಂತ ಮಾತ್ರ ಬರೆಯಿರಿ. ಸರಿ ಬಂದವನ್ನು ನಾನು ಸೇರಿಸಲ್ಲ. ಈಗಾಗಲೇ 51 ಇದೆ, ಇನ್ನೂ ಹದಿನೈದು ಸೇರಿದರೆ ಗುರುವಾರ ಮುಗಿಯುವುದಿಲ್ಲ.

ವಿಜಯನಗರ ರೂಮು (ಗುರುವಾರ ರಾತ್ರಿ)

ನಾನು ಸೇರಿಸ್ತೀನಿ. ಸರಿ ಬಂದ ‘ಅ’ಗಳನ್ನೇ ಮುಂದಿನ ಪತ್ರಿಕೆಯಲ್ಲಿ ಜಾಸ್ತಿ ತಪ್ಪು ಮಾಡಿರೋದು ನನ್ನ ಹಾಳೆಯಲ್ಲಿ ಕಾಣ್ತಿದೆ. ಅಂದ ಹಾಗೆ, ಈ ವಾರದಿಂದ ಐದರ ಬದಲು ಮೂರು ಪತ್ರಿಕೆಗೆ ಇಳಿಸಿದ್ದೀನಿ. ಅದಕ್ಕಿಂತ ಕಡಿಮೆ ಮಾಡಲ್ಲ.

ಬಯಲುಸೀಮೆ ಬಸು (ಶುಕ್ರವಾರ ಬೆಳಗ್ಗೆ)

ಅಕ್ಕಾರ, ಸರಿ ಬಂದ ‘ಅ’ ಪ್ರಶ್ನಿಗೆ ನಾ ಪುಸ್ತಕದಾಗ ಬರಿಯಂಗಿಲ್ಲ, ಆದ್ರ ಪ್ರಶ್ನಿ ಪುಸ್ತಿಕಿ ಒಗಿಯಂಗೂ ಇಲ್ಲ. ಗುರುವಾರ ಪುಸ್ತಕ ಮುಗದ ಮ್ಯಾಲ ಟೈಮ್ ಉಳದ್ರ ಪುಸ್ತಿಕಿ ತಗದು ಬರೇ ‘ಅ’ ಇದ್ದದ್ದನ್ನ ಮತ್ತ ಮಾಡ್ತೀನಿ. ಒಂದ ವಾರ ಟೈಮ್ ಉಳದೈತಿ, ಒಂದ ವಾರ ಉಳದಿಲ್ಲ. ಖಾಲಿ ಬಿಡೋದು ಇಪ್ಪತ್ತೈದರಿಂದ ಒಂಬತ್ತಕ್ಕ ಬಂದೈತಿ. ನನ್ನ ‘ಊ’ಗಳಾಗ ಐದಕ್ಕ ಒಂದಕ್ಕಿಂತ ಜಾಸ್ತಿ ಬರಾಕತ್ತಾವೇನು ಅಂತ ಇನ್ನೂ ಎರಡ ಪತ್ರಿಕಿ ನೋಡಿ ಹೇಳ್ತೀನಿ.